ಹತ್ತು ಸಾವಿರ ಸನ್ನೆ ಕಲಿತರೂ ಬಾರದ ವ್ಯಾಕರಣ

‘ಅಮ್ಮ ಮಗನಿಗೆ ಪುಸ್ತಕ ಕೊಟ್ಟಳು.’ ಈ ವಾಕ್ಯವನ್ನು ಸಂಜ್ಞಾ ಭಾಷೆಯಲ್ಲಿ ಹೇಳಬೇಕೆಂದು ಹೊರಟವರು ಮೊದಲು ನಿಘಂಟು ತೆರೆಯುತ್ತಾರೆ. ಅಮ್ಮ ಸಿಗುತ್ತದೆ, ಮಗ ಸಿಗುತ್ತದೆ, ಪುಸ್ತಕ ಸಿಗುತ್ತದೆ, ಕೊಡು ಎಂಬುದೂ ಸಿಗುತ್ತದೆ. ನಾಲ್ಕನ್ನೂ ವಿಡಿಯೊದಲ್ಲಿ ನೋಡಿ, ಬಾಯಿಪಾಠ ಮಾಡಿ, ಒಂದರ ಹಿಂದೆ ಒಂದು ತೋರಿಸುತ್ತಾರೆ. ನೋಡುತ್ತಿರುವ ಕಿವುಡ ವ್ಯಕ್ತಿಗೆ ಅಮ್ಮ, ಮಗ, ಪುಸ್ತಕ, ಕೊಡು ಎಂಬ ನಾಲ್ಕು ಮಾತು ಕಾಣುತ್ತವೆ. ಯಾರು ಯಾರಿಗೆ ಕೊಟ್ಟರು? ಕನ್ನಡದಲ್ಲಿ ಅದನ್ನು ಹೇಳಿದ್ದು ‘ಇಗೆ’ ಎಂಬ ಪ್ರತ್ಯಯ ಮತ್ತು ‘ಅಳು’ ಎಂಬ ಪ್ರತ್ಯಯ. ನಿಘಂಟಿನಲ್ಲಿ ಆ ಎರಡಕ್ಕೂ ಸನ್ನೆ ಇಲ್ಲ. ಹುಡುಕಬೇಕಾದ ಜಾಗವೇ ಅದಲ್ಲ.

ದೆಹಲಿಯಲ್ಲಿರುವ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ 2018ರಲ್ಲಿ ಮೂರು ಸಾವಿರ ಪದಗಳ ನಿಘಂಟು ಹೊರತಂದಿತು. 2021ರ ಫೆಬ್ರವರಿ ಹೊತ್ತಿಗೆ ಅದು ಹತ್ತು ಸಾವಿರಕ್ಕೆ ಬೆಳೆಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ದೇಶಕ್ಕೆಲ್ಲ ಏಕರೂಪದ ಭಾರತೀಯ ಸಂಜ್ಞಾ ಭಾಷೆ ಬೇಕೆಂದಿತು. 2021ರ ಜುಲೈನಲ್ಲಿ ಅದಕ್ಕೆ ಭಾಷಾ ವಿಷಯದ ಸ್ಥಾನವೂ ಸಿಕ್ಕಿತು. ಇವೆಲ್ಲ ಆಗಬೇಕಾಗಿದ್ದ ಕೆಲಸಗಳೇ. ಆದರೆ ಈ ಗದ್ದಲದಲ್ಲಿ ಭಾಷೆ ಎಂದರೆ ಸನ್ನೆಗಳ ಪಟ್ಟಿ ಎಂಬ ತಿಳಿವಳಿಕೆ ಗಟ್ಟಿಯಾಗುತ್ತಿದೆ. ಎಷ್ಟು ಪದ ಸೇರಿತು ಎಂದು ಕೇಳುವವರು ಬಹಳ ಮಂದಿ, ವಾಕ್ಯ ಹೇಗೆ ಕಟ್ಟುತ್ತದೆ ಎಂದು ಕೇಳುವವರು ಕಡಿಮೆ. ಸಂಜ್ಞಾ ಭಾಷೆಯ ವ್ಯಾಕರಣ ಸನ್ನೆಗಳ ಸಾಲಿನಲ್ಲಿ ಕೂತಿಲ್ಲ. ಅದರ ಹೆಚ್ಚಿನ ಪಾಲು ಸನ್ನೆಯ ಒಳಗೇ, ಅದನ್ನು ಮಾಡುವ ಜಾಗದಲ್ಲಿ, ಕೈ ಚಲಿಸುವ ದಿಕ್ಕಿನಲ್ಲಿ ಇದೆ. ಅಲ್ಲಿ ನೋಡಲು ಕಲಿಯದಿದ್ದರೆ ಹತ್ತು ಸಾವಿರ ಸನ್ನೆ ಕಲಿತವರೂ ಮೇಲಿನ ವಾಕ್ಯ ಹೇಳಲಾರರು.

ಸನ್ನೆಯೊಂದನ್ನು ಒಡೆದು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. 1960ರವರೆಗೆ ವಿದ್ವಾಂಸರೂ ಸನ್ನೆ ಎಂದರೆ ಗಾಳಿಯಲ್ಲಿ ಬರೆದ ಚಿತ್ರ, ಅದನ್ನು ಒಡೆಯಲಾಗದು ಎಂದು ನಂಬಿದ್ದರು. ಆ ವರ್ಷ ವಾಷಿಂಗ್ಟನ್ನಿನ ಗ್ಯಾಲಡೆಟ್ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ವಿಲಿಯಂ ಸ್ಟೋಕಿ ಅಮೆರಿಕನ್ ಸಂಜ್ಞಾ ಭಾಷೆಯ ಪ್ರತಿ ಸನ್ನೆಯಲ್ಲೂ ಮೂರು ಭಾಗಗಳಿವೆ ಎಂದು ತೋರಿಸಿದರು: ಕೈಯ ಆಕಾರ, ಅದನ್ನು ಇಡುವ ಜಾಗ, ಅದರ ಚಲನೆ. ಅಂಗೈ ಯಾವ ಕಡೆ ಮುಖ ಮಾಡಿದೆ ಎಂಬುದನ್ನು ಆಮೇಲಿನವರು ನಾಲ್ಕನೆಯದಾಗಿ ಸೇರಿಸಿದರು. ಕನ್ನಡದಲ್ಲಿ ‘ಹಾಲು’ ಮತ್ತು ‘ಹಾಳು’ ಒಂದೇ ಒಂದು ಧ್ವನಿಯಲ್ಲಿ ಬೇರೆಯಾಗುತ್ತವೆ. ಆ ಧ್ವನಿಗೆ ತನ್ನದೇ ಆದ ಅರ್ಥವಿಲ್ಲ, ಅದು ಅರ್ಥವನ್ನು ಬೇರೆ ಮಾಡುತ್ತದೆ ಅಷ್ಟೆ. ಅಮೆರಿಕನ್ ಸಂಜ್ಞಾ ಭಾಷೆಯಲ್ಲಿ ತೋರುಬೆರಳನ್ನು ಮುಖದ ಮುಂದೆ ಅಡ್ಡಲಾಗಿ ಎಳೆಯುತ್ತ ಕೊಕ್ಕೆಯಂತೆ ಬಗ್ಗಿಸುವ ಒಂದು ಚಲನೆ ಇದೆ. ಹಣೆಯ ಮಟ್ಟದಲ್ಲಿ ಮಾಡಿದರೆ ಅದು ಬೇಸಿಗೆ, ಮೂಗಿನ ಮಟ್ಟದಲ್ಲಿ ಮಾಡಿದರೆ ಕುರೂಪ, ಗಲ್ಲದ ಮಟ್ಟದಲ್ಲಿ ಮಾಡಿದರೆ ಒಣಗಿದ್ದು. ಆಕಾರ ಅದೇ, ಚಲನೆ ಅದೇ, ಬದಲಾದದ್ದು ಜಾಗ ಮಾತ್ರ. ಹಣೆಗೂ ಬೇಸಿಗೆಗೂ ಏನು ಸಂಬಂಧ ಎಂದು ಕೇಳಿದರೆ, ಳಕಾರಕ್ಕೂ ಹಾಳಾಗುವುದಕ್ಕೂ ಇರುವಷ್ಟೇ ಸಂಬಂಧ. ಕೈಯಲ್ಲಿ ಆಡುವ ಭಾಷೆಗೂ ‘ಧ್ವನಿವಿಜ್ಞಾನ’ ಎಂಬ ಮಾತನ್ನು ಭಾಷಾಶಾಸ್ತ್ರಜ್ಞರು ಬಳಸುವುದು ಇದೇ ಕಾರಣಕ್ಕೆ. ಧ್ವನಿ ಇಲ್ಲದಿದ್ದರೂ ಅದು ಮಾಡುವ ಕೆಲಸ ಇದೆ.

ಈ ಭಾಗಗಳನ್ನು ಹೇಗೆ ಬೇಕಾದರೂ ಜೋಡಿಸಲು ಬರುವುದಿಲ್ಲ. ಎರಡು ಕೈ ಬಳಸುವ ಸನ್ನೆಗಳ ಬಗ್ಗೆ ರಾಬಿನ್ ಬ್ಯಾಟಿಸನ್ 1970ರ ದಶಕದಲ್ಲಿ ಕಂಡುಕೊಂಡ ಎರಡು ನಿಯಮಗಳು ಬಹಳ ಉಪಯುಕ್ತವಾದವು. ಎರಡೂ ಕೈ ಚಲಿಸುತ್ತಿದ್ದರೆ ಎರಡರ ಆಕಾರವೂ ಚಲನೆಯೂ ಒಂದೇ ಆಗಿರಬೇಕು. ಎರಡರ ಆಕಾರ ಬೇರೆ ಬೇರೆ ಆಗಿದ್ದರೆ ಒಂದು ಕೈ ಸುಮ್ಮನಿರಬೇಕು, ಆ ಸುಮ್ಮನಿರುವ ಕೈಗೂ ಮುಷ್ಟಿ, ಚಪ್ಪಟೆ ಅಂಗೈ, ಒಂಟಿ ಬೆರಳಿನಂಥ ಏಳೇ ಸರಳ ಆಕಾರಗಳ ಅವಕಾಶ. ಅಮೆರಿಕದಲ್ಲಿ ಕಂಡ ಈ ನಿಯಮಗಳು ಬೇರೆ ಸಂಜ್ಞಾ ಭಾಷೆಗಳಲ್ಲೂ ಬಹುಪಾಲು ನಿಂತಿವೆ. ಹೊಸ ಪಾರಿಭಾಷಿಕ ಸನ್ನೆಗಳನ್ನು ಕಟ್ಟುವವರಿಗೆ ಇದು ಒರೆಗಲ್ಲು. ಕಿವಿ ಕೇಳುವವರೇ ಮೇಜಿನ ಸುತ್ತ ಕೂತು, ವಿಜ್ಞಾನದ ಪದವೊಂದಕ್ಕೆ ಎಡಗೈಯಲ್ಲೊಂದು ಆಕಾರ, ಬಲಗೈಯಲ್ಲಿನ್ನೊಂದು ಆಕಾರ, ಎರಡಕ್ಕೂ ಬೇರೆ ಬೇರೆ ತಿರುಗುವಿಕೆ ಎಂದು ಸನ್ನೆ ಕಟ್ಟಿದರೆ ಅದು ಕಾಗದದಲ್ಲಿ ಚೆನ್ನಾಗಿ ಕಾಣಬಹುದು. ಕಿವುಡರ ಕೈಗೆ ಬಂದ ಮೇಲೆ ಒಂದೋ ಎರಡು ಕೈಯೂ ಒಂದೇ ಆಕಾರಕ್ಕೆ ಬರುತ್ತವೆ, ಇಲ್ಲವೇ ಒಂದು ಕೈ ನಿಂತುಬಿಡುತ್ತದೆ, ಅಥವಾ ಆ ಸನ್ನೆಯನ್ನು ಯಾರೂ ಬಳಸುವುದಿಲ್ಲ.

ಚಿತ್ರದಂತಿದ್ದ ಸನ್ನೆಯನ್ನೂ ಈ ನಿಯಮಗಳು ತಿದ್ದುತ್ತವೆ. ಅಮೆರಿಕದಲ್ಲಿ ‘ಮನೆ’ ಎಂಬ ಸನ್ನೆ ಮೊದಲು ಉಣ್ಣು, ಮಲಗು ಎಂಬೆರಡು ಸನ್ನೆಗಳ ಸಮಾಸವಾಗಿತ್ತು. ಬಾಯಿಗೆ ತುತ್ತಿಡುವ ಕೈ, ಆಮೇಲೆ ಕೆನ್ನೆಗೆ ದಿಂಬಾಗುವ ಕೈ. ಬಳಕೆಯಲ್ಲಿ ಸವೆದು ಈಗ ಒಂದೇ ಆಕಾರದ ಕೈ ಕೆನ್ನೆಯನ್ನು ಎರಡು ಕಡೆ ಮುಟ್ಟುತ್ತದೆ. ಗೊತ್ತಿಲ್ಲದವರು ಅದನ್ನು ನೋಡಿ ಮನೆ ಎಂದು ಊಹಿಸಲಾರರು.

ಇನ್ನು ವೇಗದ ವಿಚಾರ. ನಾಲಿಗೆಗಿಂತ ತೋಳು ದೊಡ್ಡದು, ಅದು ನಿಧಾನ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಸಾಕ್ ಸಂಸ್ಥೆಯಲ್ಲಿ ಅರ್ಸುಲಾ ಬೆಲ್ಲೂಗಿ ಮತ್ತು ಅವರ ಜೊತೆಗಾರರು ಎರಡೂ ಭಾಷೆ ಬಲ್ಲವರಿಂದ ಒಂದೇ ಕಥೆಯನ್ನು ಎರಡೂ ಭಾಷೆಗಳಲ್ಲಿ ಹೇಳಿಸಿ ಅಳೆದರು. ಒಂದು ಸನ್ನೆ ಮಾಡುವ ಹೊತ್ತಿಗೆ ಇಂಗ್ಲಿಷಿನಲ್ಲಿ ಸುಮಾರು ಎರಡು ಪದ ಹೇಳಿ ಮುಗಿಯುತ್ತಿತ್ತು. ಆದರೆ ಕಥೆ ಮುಗಿಯಲು ಹಿಡಿದ ಹೊತ್ತು, ಒಂದೊಂದು ಸಂಗತಿ ಹೇಳಲು ಹಿಡಿದ ಹೊತ್ತು, ಎರಡರಲ್ಲೂ ಹೆಚ್ಚು ಕಡಿಮೆ ಒಂದೇ. ಅರ್ಧದಷ್ಟು ಪದಗಳಲ್ಲಿ ಅಷ್ಟೇ ಅರ್ಥ ಹೇಗೆ ಬಂತು? ಒಂದಾದ ಮೇಲೊಂದು ಹೇಳಬೇಕಾದದ್ದನ್ನು ಕೈ ಒಂದೇ ಸಲಕ್ಕೆ ಹೇಳುತ್ತದೆ. ಜೊತೆಗೆ ಮುಖವೂ ಹೇಳುತ್ತದೆ. ಭಾರತೀಯ ಸಂಜ್ಞಾ ಭಾಷೆಯಲ್ಲಿ ಹುಬ್ಬು ಏರಿಸಿ ತಲೆ ತುಸು ಮುಂದೆ ತಂದರೆ ಅದೇ ವಾಕ್ಯ ‘ಹೌದೋ ಅಲ್ಲವೋ’ ಎಂಬ ಪ್ರಶ್ನೆಯಾಗುತ್ತದೆ. ನಾವು ವಾಕ್ಯದ ಕೊನೆಗೆ ‘ಆ’ ಸೇರಿಸಿ ‘ಕೊಟ್ಟಳಾ?’ ಎನ್ನುವ ಕೆಲಸವನ್ನು ಅವರ ಹುಬ್ಬು ವಾಕ್ಯದ ಉದ್ದಕ್ಕೂ ಮಾಡುತ್ತದೆ.

ಕನ್ನಡದ ಸ್ವಭಾವ ಇದಕ್ಕೆ ನೇರ ವಿರುದ್ಧ. ‘ಕೊಡುತ್ತಿದ್ದಳು’ ಎಂಬುದು ಕೊಡು, ಉತ್ತ, ಇದ್ದ್, ಅಳು ಎಂದು ಗಾಡಿಗೆ ಗಾಡಿ ಸೇರಿಸಿದಂತೆ ಉದ್ದವಾಗುವ ಪದ. ಕಿವುಡ ಮಕ್ಕಳ ಅನೇಕ ತರಗತಿಗಳಲ್ಲಿ ಶಿಕ್ಷಕರು ಬಾಯಲ್ಲಿ ಕನ್ನಡ ಹೇಳುತ್ತ, ಅದೇ ಕ್ರಮದಲ್ಲಿ ಪದಕ್ಕೊಂದು ಸನ್ನೆ ಮಾಡುತ್ತ ಹೋಗುತ್ತಾರೆ. ಪ್ರತ್ಯಯಗಳಿಗೆ ಸನ್ನೆ ಕಟ್ಟದಿದ್ದರೆ ವ್ಯಾಕರಣ ಬಿದ್ದುಹೋಗುತ್ತದೆ. ಕಟ್ಟಿದರೆ ನಿಧಾನದ ಕೈಗೆ ಎರಡರಷ್ಟು ಕೆಲಸ. ಅಮೆರಿಕದಲ್ಲಿ ಎರಡನೆಯದನ್ನೇ ಮಾಡಿ ನೋಡಿದ್ದಾರೆ. ಇಂಗ್ಲಿಷಿನ ಪ್ರತಿ ಪ್ರತ್ಯಯಕ್ಕೂ ಒಂದು ಸನ್ನೆ ಕಟ್ಟಿ ಶಾಲೆಗಳಲ್ಲಿ ಕಲಿಸಿದರು. ಅಂಥ ಕೈ-ಇಂಗ್ಲಿಷನ್ನು ಮಾತ್ರ ನೋಡಿ ಬೆಳೆದ, ಸಹಜ ಸಂಜ್ಞಾ ಭಾಷೆಯನ್ನು ಕಾಣದ ಮಕ್ಕಳನ್ನು ಸ್ಯಾಮ್ಯುಯೆಲ್ ಸುಪಲ್ಲಾ ಪರೀಕ್ಷಿಸಿ 1991ರಲ್ಲಿ ಬರೆದರು. ಆ ಮಕ್ಕಳು ತಮಗೆ ತಾವೇ ಕ್ರಿಯಾಪದಗಳನ್ನು ಜಾಗದಲ್ಲಿ ಆಚೀಚೆ ಚಲಿಸಿ ಯಾರು ಯಾರಿಗೆ ಎಂದು ಹೇಳಲು ಶುರು ಮಾಡಿದ್ದರು. ಯಾರೂ ಅವರಿಗೆ ಹಾಗೆ ತೋರಿಸಿರಲಿಲ್ಲ. ಈ ಒಂದು ಸಂಗತಿ ನನಗೆ ಬಾಕಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಕಣ್ಣು ಮತ್ತು ಕೈ ಇರುವ ಮಕ್ಕಳು ತಮಗೆ ಹೊಂದದ ವ್ಯಾಕರಣ ಕೊಟ್ಟರೆ ಅದನ್ನು ಒಡೆದು, ತಮಗೆ ಹೊಂದುವ ವ್ಯಾಕರಣವನ್ನು ಕಟ್ಟಿಕೊಳ್ಳುತ್ತಾರೆ.

ಹಾಗಾದರೆ ನಮ್ಮ ವಾಕ್ಯವನ್ನು ಹೇಳುವುದು ಹೇಗೆ? ಸ್ವಲ್ಪ ಬೆಳೆಸಿಕೊಳ್ಳೋಣ: ‘ಅಮ್ಮ ಮಗನಿಗೆ ಪುಸ್ತಕ ಕೊಟ್ಟಳು, ಅವನು ತಂಗಿಗೆ ಕೊಟ್ಟ, ಅವಳು ನನಗೆ ಕೊಟ್ಟಳು.’ ಹೇಳುವವರು ಮೊದಲು ಅಮ್ಮ ಎಂದು ಸನ್ನೆ ಮಾಡಿ ತಮ್ಮ ಬಲಕ್ಕೆ ಬೆರಳು ತೋರುತ್ತಾರೆ. ಅಲ್ಲಿ ಏನೂ ಇಲ್ಲ. ಆದರೆ ಇನ್ನು ಆ ಮಾತು ಮುಗಿಯುವವರೆಗೆ ಆ ಜಾಗ ಅಮ್ಮನದು. ಮಗ ಎಂದು ಮಾಡಿ ಎಡಕ್ಕೆ ತೋರುತ್ತಾರೆ. ಪುಸ್ತಕ ಎಂದು ಮಾಡಿ, ‘ಕೊಡು’ ಎಂಬ ಸನ್ನೆಯನ್ನು ಬಲದಿಂದ ಎಡಕ್ಕೆ ಒಯ್ಯುತ್ತಾರೆ. ಇಲ್ಲಿಗೆ ‘ಅಮ್ಮ ಮಗನಿಗೆ ಕೊಟ್ಟಳು’ ಎಂದಾಯಿತು. ಹೊರಟ ಜಾಗ ಕರ್ತೃ, ಮುಟ್ಟಿದ ಜಾಗ ಪಡೆದವನು. ನಮ್ಮ ‘ಇಗೆ’ ಇರುವುದು ಆ ಕೈ ಮುಟ್ಟುವ ಜಾಗದಲ್ಲಿ. ತಂಗಿಯನ್ನು ಎದುರಿಗೆ, ಇಬ್ಬರ ನಡುವೆ ತುಸು ದೂರದಲ್ಲಿ ಇಟ್ಟು, ಎಡದಿಂದ ಅಲ್ಲಿಗೆ ಮತ್ತೊಮ್ಮೆ ‘ಕೊಡು’. ಅಲ್ಲಿಂದ ತಮ್ಮ ಎದೆಯ ಕಡೆಗೆ ಇನ್ನೊಮ್ಮೆ ‘ಕೊಡು’. ಕೆಲಸ ಮುಗಿದಿದೆ ಎನ್ನಲು ಭಾರತೀಯ ಸಂಜ್ಞಾ ಭಾಷೆಯಲ್ಲಿ ವಾಕ್ಯದ ಕೊನೆಗೆ ಬರುವ ‘ಆಯಿತು’ ಎಂಬರ್ಥದ ಸನ್ನೆಯೊಂದಿದೆ. ಕ್ರಿಯಾಪದಕ್ಕೆ ಕಾಲದ ಪ್ರತ್ಯಯ ಇಲ್ಲ.

ಇದು ನಮಗೆ ತೀರ ಅಪರಿಚಿತವೇನಲ್ಲ. ‘ಕೊಟ್ಟೆ’, ‘ಕೊಟ್ಟಳು’ ಎನ್ನುವಾಗ ನಮ್ಮ ಕ್ರಿಯಾಪದವೂ ಕರ್ತೃವಿಗೆ ಹೊಂದಿಕೊಳ್ಳುತ್ತದೆ. ಆದರೆ ಯಾರಿಗೆ ಕೊಟ್ಟರು ಎಂಬುದನ್ನು ಕನ್ನಡದ ಕ್ರಿಯಾಪದ ಹೇಳುವುದಿಲ್ಲ. ಸಂಜ್ಞಾ ಭಾಷೆಯ ಕ್ರಿಯಾಪದ ಎರಡನ್ನೂ ಹೇಳುತ್ತದೆ. ಅದರಲ್ಲೂ ಕರ್ತೃವಿನ ಗುರುತನ್ನು ಕೆಲವೊಮ್ಮೆ ಬಿಡಬಹುದು, ಪಡೆದವರ ಗುರುತನ್ನು ಬಿಡುವಂತಿಲ್ಲ. ಇನ್ನೊಂದು ಅನುಕೂಲ: ಕನ್ನಡದಲ್ಲಿ ‘ರಾಮು ಸೋಮುವಿಗೆ ಹೇಳಿದ, ಅವನು ಅವನ ತಮ್ಮನಿಗೆ ಹೇಳಿದ’ ಎಂದರೆ ಯಾರ ತಮ್ಮ ಎಂದು ತಿರುಗಿ ಕೇಳಬೇಕು. ಅಲ್ಲಿ ಕೇಳಬೇಕಾಗಿಲ್ಲ, ಬಲದವನೋ ಎಡದವನೋ ಎಂಬುದು ಕಣ್ಣೆದುರಿಗೇ ಇರುತ್ತದೆ.

ಎಲ್ಲ ಕ್ರಿಯಾಪದಗಳೂ ಹೀಗೆ ಚಲಿಸುವುದಿಲ್ಲ ಎಂಬುದನ್ನು ಕಲಿಯುವವರು ತಿಳಿದಿರಬೇಕು. ಮೈಗೆ ಅಂಟಿಕೊಂಡು ಮಾಡುವ ಸನ್ನೆಗಳು, ‘ತಿನ್ನು’ ಎಂಬಂಥವು, ಇದ್ದಲ್ಲೇ ಇರುತ್ತವೆ. ಅಲ್ಲಿ ಪದಗಳ ಕ್ರಮ ಅಥವಾ ಬೆರಳು ತೋರುವುದು ಕೆಲಸ ಮಾಡಬೇಕು. ಇನ್ನು ಕೆಲವು ಹಿಮ್ಮುಖವಾಗಿ ಚಲಿಸುತ್ತವೆ. ‘ತೆಗೆದುಕೊ’ ಎಂಬುದು ಕೊಟ್ಟವರ ಜಾಗದಿಂದ ಹೊರಟು ಕರ್ತೃವಿನ ಜಾಗಕ್ಕೆ ಬರುತ್ತದೆ. ಕೈಯ ದಾರಿ ವಸ್ತು ಎಲ್ಲಿಂದ ಎಲ್ಲಿಗೆ ಹೋಯಿತು ಎಂಬುದನ್ನು ಹಿಡಿದರೆ, ಅಂಗೈ ಅಥವಾ ಬೆರಳ ತುದಿ ಕರ್ಮದ ಕಡೆಗೆ ಮುಖ ಮಾಡುತ್ತದೆ. ಅಮ್ಮ ಮಕ್ಕಳಿಗೆಲ್ಲ ಒಬ್ಬೊಬ್ಬರಿಗೆ ಕೊಟ್ಟಳು ಎನ್ನಬೇಕೆಂದರೆ ಅಮೆರಿಕನ್ ಸಂಜ್ಞಾ ಭಾಷೆಯಲ್ಲಿ ಅದೇ ಸನ್ನೆ ಕಮಾನಿನ ದಾರಿಯಲ್ಲಿ ಬಿಟ್ಟು ಬಿಟ್ಟು ಮರುಕಳಿಸುತ್ತದೆ. ‘ಒಬ್ಬೊಬ್ಬರಿಗೂ’ ಎಂದು ನಾವು ಪದವನ್ನು ದ್ವಿರುಕ್ತಿ ಮಾಡುವ ಹಾಗೆ.

ಇದನ್ನು ವ್ಯಾಕರಣ ಎನ್ನಬೇಕೇ, ಬೆರಳು ತೋರುವ ಹಾವಭಾವ ಎನ್ನಬೇಕೇ ಎಂಬ ವಾದ ಇನ್ನೂ ನಿಂತಿಲ್ಲ. ಜಾಗಗಳು ಲೆಕ್ಕವಿಲ್ಲದಷ್ಟು, ಪ್ರತ್ಯಯಗಳ ಹಾಗೆ ಅವುಗಳ ಪಟ್ಟಿ ಮಾಡಲಾಗದು, ಹಾಗಾಗಿ ಇದು ಹಾವಭಾವದ ಬೆರಕೆ ಎಂದು ಸ್ಕಾಟ್ ಲಿಡ್ಡೆಲ್ ವಾದಿಸಿದರು. ಅವರ ತಕರಾರು ಹಗುರವಾದುದಲ್ಲ. ಆದರೆ ಮಿದುಳಿನ ಪುರಾವೆ ಇನ್ನೊಂದು ಕಡೆ ಎಳೆಯುತ್ತದೆ. ಮಿದುಳಿನ ಬಲಭಾಗಕ್ಕೆ ಪೆಟ್ಟಾದ ಕಿವುಡರನ್ನು ಸಾಕ್ ಸಂಸ್ಥೆಯವರು ಅಧ್ಯಯನ ಮಾಡಿದರು. ಕೋಣೆಯಲ್ಲಿ ಏನೇನು ಎಲ್ಲೆಲ್ಲಿದೆ ಎಂದು ಹೇಳಲು ಕೇಳಿದಾಗ ಒಬ್ಬರು ಸಾಮಾನನ್ನೆಲ್ಲ ಬಲಗಡೆಗೇ ತುಂಬಿ, ಎಡಭಾಗವನ್ನು ಬರಿದಾಗಿ ಬಿಟ್ಟರು. ಅದೇ ವ್ಯಕ್ತಿ ‘ಯಾರು ಯಾರಿಗೆ’ ಎಂದು ಹೇಳುವಾಗ ಎಡ ಬಲ ಎರಡನ್ನೂ ಸರಿಯಾಗಿ ಬಳಸಿದರು. ನಕ್ಷೆಯ ಜಾಗ ಹೋಗಿತ್ತು, ವ್ಯಾಕರಣದ ಜಾಗ ಉಳಿದಿತ್ತು. ಎರಡೂ ಒಂದೇ ಗಾಳಿಯಲ್ಲಿದ್ದರೂ ಮಿದುಳಿಗೆ ಅವು ಬೇರೆ.

ಆ ನಕ್ಷೆಯ ಜಾಗದಲ್ಲಿ ಬರುವುದೇ ವರ್ಗಸೂಚಕ ಕೈರೂಪ. ಕನ್ನಡದಲ್ಲಿ ‘ಮೂರು ಮರ’, ಆದರೆ ‘ಮೂವರು ಹುಡುಗರು’. ಎಣಿಸುವ ಮಾತಿನಲ್ಲೇ ಎಣಿಸುತ್ತಿರುವುದು ಮನುಷ್ಯರನ್ನೋ ಅಲ್ಲವೋ ಎಂಬ ವರ್ಗ ಸೇರಿಕೊಂಡಿದೆ. ಸಂಜ್ಞಾ ಭಾಷೆಯಲ್ಲಿ ಚಲನೆ ಮತ್ತು ಇರವನ್ನು ಹೇಳುವ ಕ್ರಿಯಾಪದದೊಳಗೆ ಅಂಥ ವರ್ಗ ಕೈಯ ಆಕಾರವಾಗಿ ಬರುತ್ತದೆ. ತೋರುಬೆರಳು, ನಡುಬೆರಳು ಕೆಳಮುಖವಾಗಿ ನಿಂತರೆ ಎರಡು ಕಾಲಿನ ಮನುಷ್ಯ. ಭಾರತೀಯ ಸಂಜ್ಞಾ ಭಾಷೆಯಲ್ಲೂ ಈ ರೂಪವಿದೆ. ಇವು ಬರಿಯ ಚಿತ್ರಗಳಲ್ಲ ಎಂಬುದಕ್ಕೆ ಅಮೆರಿಕನ್ ಸಂಜ್ಞಾ ಭಾಷೆಯ ವಾಹನರೂಪ ಒಳ್ಳೆಯ ಸಾಕ್ಷಿ. ಹೆಬ್ಬೆರಳು, ತೋರುಬೆರಳು, ನಡುಬೆರಳು ಚಾಚಿ ಕೈಯನ್ನು ಮಗ್ಗುಲಾಗಿ ಹಿಡಿದರೆ ಕಾರೂ ಅದೇ, ಸೈಕಲ್ಲೂ ಅದೇ, ದೋಣಿಯೂ ಅದೇ. ಆ ಆಕಾರ ಮೂರರಲ್ಲಿ ಯಾವುದರ ಹಾಗೂ ಕಾಣುವುದಿಲ್ಲ.

‘ಹುಡುಗ ಕಟ್ಟೆಯ ಅಂಚಿನಲ್ಲಿ ನಿಂತಿದ್ದ, ಜಾರಿ ಹಿಂದಕ್ಕೆ ಬಿದ್ದ’ ಎಂಬುದನ್ನು ತೆಗೆದುಕೊಳ್ಳಿ. ಮೊದಲು ‘ಕಟ್ಟೆ’ ಎಂದು ಹೆಸರಿಸಬೇಕು, ಆಮೇಲೆ ಎಡಗೈಯನ್ನು ಅಂಗೈ ಕೆಳಗಾಗಿ ಚಪ್ಪಟೆಯಾಗಿ ಹಿಡಿಯಬೇಕು. ‘ಹುಡುಗ’ ಎಂದು ಹೆಸರಿಸಿ, ಬಲಗೈಯ ಎರಡು ಬೆರಳನ್ನು ಎಡಗೈಯ ಅಂಚಿನಲ್ಲಿ ನಿಲ್ಲಿಸಬೇಕು. ಬೆರಳು ಜಾರುತ್ತವೆ, ಅಂಗೈ ಮೇಲಾಗುವಂತೆ ತಿರುಗಿ ಕೈ ಕೆಳಗೆ ಬೀಳುತ್ತದೆ. ಅಷ್ಟೂ ಹೊತ್ತು ಎಡಗೈ ಅಲ್ಲೇ ಇರುತ್ತದೆ. ಯಾರು, ಎಲ್ಲಿಂದ, ಯಾವ ದಿಕ್ಕಿಗೆ, ಹೇಗೆ ಎಂಬ ನಾಲ್ಕೂ ಒಂದೇ ಚಲನೆಯಲ್ಲಿ ಬಂದವು. ಇಲ್ಲಿ ಕೈಯ ಆಕಾರಕ್ಕೆ ತನ್ನದೇ ಅರ್ಥವಿದೆ. ಬೇಸಿಗೆ, ಕುರೂಪದ ಉದಾಹರಣೆಯಲ್ಲಿ ಅದಕ್ಕೆ ಅರ್ಥ ಇರಲಿಲ್ಲ. ಅದಕ್ಕೇ ಬ್ಯಾಟಿಸನ್ನರ ನಿಯಮವೂ ಇಲ್ಲಿ ಸಡಿಲ. ಬೇರೆ ಆಕಾರದ ಎರಡು ಕೈಗಳು ಎರಡು ಬೇರೆ ಕಡೆಗೆ ಚಲಿಸಬಹುದು, ಏಕೆಂದರೆ ಒಂದೊಂದು ಕೈಯೂ ಒಂದೊಂದು ಪಾತ್ರ.

ತಪ್ಪುಗಳು ಎಲ್ಲಿ ಆಗುತ್ತವೆ ಎಂಬುದೂ ಇದರಿಂದಲೇ ತಿಳಿಯುತ್ತದೆ. ಹೆಸರು ಹೇಳದೆ ವರ್ಗಸೂಚಕ ತಂದರೆ ಎರಡು ಕಾಲಿನ ಯಾರೋ ಬಿದ್ದರು ಎಂದಷ್ಟೇ ಆಗುತ್ತದೆ. ಮಾತು ಮುಗಿಯುವ ಮೊದಲೇ ಎಡಗೈ ಇಳಿದುಹೋದರೆ ಕಟ್ಟೆಯೇ ಮಾಯ, ಹುಡುಗ ಎಲ್ಲಿಂದ ಬಿದ್ದ ಎಂಬುದು ತಪ್ಪುತ್ತದೆ. ಹೊಸದಾಗಿ ಕಲಿತ, ಕಿವಿ ಕೇಳುವವರಲ್ಲಿ ಈ ಎರಡನೆಯ ತಪ್ಪು ಬಹಳ, ಸುಮ್ಮನಿರುವ ಕೈ ಏನನ್ನೋ ಹೇಳುತ್ತಿದೆ ಎಂದು ಅವರಿಗೆ ಅನಿಸುವುದಿಲ್ಲ. ಕಿವುಡ ತಂದೆತಾಯಿಯ ಮಕ್ಕಳಿಗೂ ಇದು ಸುಲಭದ್ದಲ್ಲ. ಅಮೆರಿಕದ ಅಧ್ಯಯನಗಳ ಪ್ರಕಾರ ವರ್ಗಸೂಚಕಗಳ ಪೂರ್ತಿ ಹಿಡಿತ ಬರುವುದು ಎಂಟು ಒಂಬತ್ತು ವರ್ಷಕ್ಕೆ. ಪೊಲೀಸ್ ಠಾಣೆಯಲ್ಲೋ ನ್ಯಾಯಾಲಯದಲ್ಲೋ ಅಪಘಾತದ ಹೇಳಿಕೆ ಕೊಡುವ ಕಿವುಡ ಸಾಕ್ಷಿಯ ಮಾತಿನ ತಿರುಳು ಇಂಥ ಚಲನೆಗಳಲ್ಲೇ ಇರುತ್ತದೆ. ಪದಪಟ್ಟಿ ಕಲಿತು ಬಂದ ದುಭಾಷಿ ಅಲ್ಲಿ ‘ಬಿದ್ದ’ ಎಂದು ಮಾತ್ರ ಬರೆಸಿದರೆ, ತಳ್ಳಿದರೋ ಜಾರಿದನೋ ಎಂಬುದು ಕಡತಕ್ಕೆ ಸೇರುವುದೇ ಇಲ್ಲ.

ಏಕರೂಪದ ಭಾಷೆ ಎಂಬ ಗುರಿಯನ್ನು ಇದರ ಜೊತೆಗಿಟ್ಟು ನೋಡಬೇಕು. 1970ರ ದಶಕದ ಕೊನೆಯಲ್ಲಿ ಮದನ್ ವಸಿಷ್ಠ, ಜೇಮ್ಸ್ ವುಡ್‌ವರ್ಡ್ ಮತ್ತು ಜೊತೆಗಾರರು ದೆಹಲಿ, ಕಲ್ಕತ್ತ, ಬೊಂಬಾಯಿ, ಬೆಂಗಳೂರಿನ ಸನ್ನೆಗಳನ್ನು ಕಲೆಹಾಕಿ ಹೋಲಿಸಿದರು. ಪದಗಳಲ್ಲಿ ಸುಮಾರು ಮುಕ್ಕಾಲು ಪಾಲು ಒಂದಕ್ಕೊಂದು ಸಂಬಂಧವುಳ್ಳವು ಎಂದು ಕಂಡಿತು. ಆಮೇಲೆ ಉಲ್ರಿಕೆ ಜೆಶಾನ್ ದೆಹಲಿ ಮತ್ತು ಕರಾಚಿಯ ಕಿವುಡರ ಭಾಷೆಯನ್ನು ವಿವರವಾಗಿ ನೋಡಿ, ಪದಗಳಲ್ಲಿ ವ್ಯತ್ಯಾಸವಿದ್ದರೂ ವ್ಯಾಕರಣ ಹೆಚ್ಚು ಕಡಿಮೆ ಒಂದೇ ಎಂದು ತೋರಿಸಿದರು. ಅಂದರೆ ಒಂದಾಗಿಸಬೇಕು ಎನ್ನುವ ಶ್ರಮವೆಲ್ಲ ಊರಿಂದ ಊರಿಗೆ ಬೇರೆಯಾಗುವ ಪದಗಳ ಮೇಲೆ ಬೀಳುತ್ತಿದೆ. ಆಗಲೇ ಒಂದಾಗಿರುವ, ನಿಜಕ್ಕೂ ಕಲಿಸಬೇಕಾದ ಭಾಗ ಪಾಠಪಟ್ಟಿಯ ಅಂಚಿನಲ್ಲಿದೆ. ಬೆಂಗಳೂರಿನ ಕಿವುಡರೂ ದೆಹಲಿಯ ಕಿವುಡರೂ ಭೇಟಿಯಾದಾಗ ಗೊತ್ತಿಲ್ಲದ ಪದವನ್ನು ಕೇಳಿ ತಿಳಿದುಕೊಂಡು ಮಾತು ಮುಂದುವರಿಸುತ್ತಾರೆ. ಹತ್ತು ಸಾವಿರ ಪದ ಗೊತ್ತಿದ್ದು ಜಾಗ ಬಳಸಲು ಬಾರದ ಶಿಕ್ಷಕರ ಜೊತೆ ಅದು ಆಗುವುದಿಲ್ಲ.

ಚಿಕ್ಕಬಳ್ಳಾಪುರ ಜಿಲ್ಲೆಯ ಅಲೀಪುರದಲ್ಲಿ ಆನುವಂಶಿಕ ಕಿವುಡುತನ ಹೆಚ್ಚಿರುವುದರಿಂದ ಊರಿನದ್ದೇ ಒಂದು ಸಂಜ್ಞಾ ಭಾಷೆ ಬೆಳೆದಿದೆ, ಕೇಳುವವರೂ ಅದನ್ನು ಬಲ್ಲರು. ಸಿಬಾಜಿ ಪಾಂಡ ಅದನ್ನು ದಾಖಲಿಸಿದ್ದಾರೆ. ಇಂಥ ಹಳ್ಳಿಯ ಭಾಷೆಗಳು ನಗರದ ಭಾಷೆಗಳ ಹಾಗೆಯೇ ಜಾಗವನ್ನು ಬಳಸಬೇಕೆಂದಿಲ್ಲ. ಬಾಲಿ ದ್ವೀಪದ ಕಾಟಾ ಕೊಲೊಕ್ ಎಂಬ ಹಳ್ಳಿಭಾಷೆಯಲ್ಲಿ ‘ಬಲಕ್ಕೆ ಅಮ್ಮ’ ಎಂದು ಬರಿದಾದ ಜಾಗಕ್ಕೆ ಹೆಸರಿಡುವ ಬದಲು, ಆ ವ್ಯಕ್ತಿಯ ಮನೆ ನಿಜವಾಗಿ ಇರುವ ದಿಕ್ಕಿಗೇ ಬೆರಳು ತೋರುತ್ತಾರೆ. ಎಲ್ಲರಿಗೂ ಎಲ್ಲರ ಮನೆ ಗೊತ್ತಿರುವ ಊರಿನಲ್ಲಿ ಅದು ಸಾಕು. ಗೊತ್ತಿಲ್ಲದವರ ನಡುವೆ ಬೆಳೆದ ಭಾಷೆಗೆ ಬರಿದಾದ ಜಾಗ ಬೇಕಾಗುತ್ತದೆ. ನಿಕರಾಗುವಾದಲ್ಲಿ 1970ರ ದಶಕದ ಕೊನೆಯಲ್ಲಿ ಶಾಲೆ ತೆರೆದು ಕಿವುಡ ಮಕ್ಕಳು ಒಂದೆಡೆ ಸೇರಿದಾಗ ಹುಟ್ಟಿದ ಭಾಷೆಯಲ್ಲಿ, ಮೊದಲ ತಂಡದವರಿಗಿಂತ ನಂತರ ಬಂದ ಚಿಕ್ಕ ಮಕ್ಕಳೇ ಜಾಗವನ್ನು ‘ಯಾರು’ ಎಂದು ಗುರುತಿಸಲು ಹೆಚ್ಚು ಕಟ್ಟುನಿಟ್ಟಾಗಿ ಬಳಸಿದರು.

ನಮ್ಮ ತರಗತಿಗಳಲ್ಲಿ, ದುಭಾಷಿಗಳ ಪರೀಕ್ಷೆಯಲ್ಲಿ ಇದನ್ನು ಅಳೆಯುವುದು ಕಷ್ಟವಲ್ಲ. ಅಮ್ಮ, ಮಗ, ತಂಗಿಯ ಕಥೆಯನ್ನು ಹೇಳಿಸಿ. ಮೂವರ ಹೆಸರನ್ನು ಮೊದಲಲ್ಲಿ ಒಂದೊಂದು ಸಲ ಮಾತ್ರ ಹೇಳಲು ಬಿಡಿ. ಕಥೆ ಮುಗಿದ ಮೇಲೆ, ಎದುರಿಗೆ ಕೂತು ನೋಡಿದ ಕಿವುಡ ವ್ಯಕ್ತಿಯನ್ನು ಕೇಳಿ: ಪುಸ್ತಕ ಈಗ ಯಾರ ಕೈಯಲ್ಲಿದೆ?